ದೇವರಕಾಡಿನ ಕಸಬರಿಗೆ

ನನ್ನ ಮಾಮಾ, ಅಂದರೆ ಅವ್ವನ ಅಣ್ಣ, ಮತ್ತು ಅವರ ಹೆಂಡತಿ ಮಾಮಿ ಒಂದೇ ಮನೆಯಲ್ಲಿದ್ದುಕೊಂಡು ಎರಡು ಕಾಡು ಕಾಯುತ್ತಾರೆ. ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಯಿಂದ ಗೋವಾ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಹೊರಳಿದರೆ ಅವರ ಊರು. ಊರಿನ ಮಗ್ಗುಲಿಗೆ ಒಂದು ಹಳ್ಳ. ಹಳ್ಳದ ಈಚೆ ದೇವರಕಾಡು. ಊರವರ ಬಾಯಲ್ಲಿ ಅದು ದೇವರಾಯಿ. ಅಲ್ಲಿನ ತಾಯಿಯ ಸೇವೆಯ ಹಕ್ಕು ಮಾಮಾನ ಮನೆತನದ್ದು. ಹಳ್ಳದ ಆಚೆ ಗ್ರಾಮ ಅರಣ್ಯ ಸಮಿತಿ ನೋಡಿಕೊಳ್ಳುವ ಕಾಡು. ಆ ಸಮಿತಿಯ ಅಧ್ಯಕ್ಷೆ ಮಾಮಿ. ಊಟಕ್ಕೆ ಕೂತರೆ ಸಾಕು, ಇಬ್ಬರ ಕಾಡುಗಳೂ ತಾಟಿನ ಪಕ್ಕಕ್ಕೆ ಬಂದು ಕೂರುತ್ತವೆ.

“ಇವರ ಕಾಡು ತಾಯಿ ಕಾಯ್ತಾಳ, ಇವರು ಹೊದ್ದು ಮಲಗ್ತಾರ. ನಮ್ಮ ಕಾಡು ನಾವ ತಿರಗಿ ಕಾಯಬೇಕು ನೋಡವಾ,” ಎನ್ನುತ್ತಾರೆ ಮಾಮಿ.

“ನಿಂದೆಲ್ಲಿ ಕಾಡು? ಅಕೇಶಿಯಾದ ತ್ವಾಟ ಅದು. ಇಲಾಖೆದವರು ಹಚ್ಚಿದ್ದು, ಇಲಾಖೆದವರ ಕಡಕೊಂಡು ಹೋಗ್ತಾರ,” ಎಂದು ಮಾಮಾ ಅನ್ನ ಕಲಸುತ್ತಾರೆ.

ಈ ಜಗಳದಲ್ಲಿ ಬೆಳೆದವಳು ನಾನು. ಹುಟ್ಟಿದ್ದು ಬೆಳಗಾವಿಯ ಅನಗೋಳದ ಓಣಿಯಲ್ಲಾದರೂ ರಜೆಗಳೆಲ್ಲ ಅಲ್ಲಿಯೇ ಕಳೆದವು. ಈಗ ರಾಮತೀರ್ಥ ನಗರದಲ್ಲಿ ಮನೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಕೆಲಸ. ಕಾಡಿನ ಬಗ್ಗೆ ಯಾರಾದರೂ ಕಣ್ಣು ಅರ್ಧ ಮುಚ್ಚಿ ಮಾತಾಡತೊಡಗಿದರೆ ನನಗೆ ಸಿಟ್ಟು ಬರುತ್ತದೆ. ಕಾಡನ್ನು ಕಣ್ಣು ತೆರೆದು ನೋಡಬೇಕು, ಅದರಲ್ಲೂ ನೆಲ ನೋಡಬೇಕು ಎಂದು ಮಕ್ಕಳಿಗೆ ಬೈದು ಬೈದು ಹೇಳಿ ನನ್ನ ಗಂಟಲು ಹೋಗಿದೆ.

ಕಳೆದ ವರ್ಷ ನಮ್ಮ ಕಾಲೇಜಿನವರು ಒಂದು ಪುಸ್ತಕ ತರಲು ಹೊರಟರು. ದೇವರಕಾಡು ಮತ್ತು ಸಮಿತಿಯ ಕಾಡು, ಎರಡರಲ್ಲಿ ಯಾವುದು ನಿಜಕ್ಕೂ ಕಾಡನ್ನು ಉಳಿಸುತ್ತದೆ ಎಂದು ವಿಮರ್ಶೆ ಮಾಡುವ ಒಂದು ಲೇಖನ ನನ್ನ ಪಾಲಿಗೆ ಬಂತು. ಸಂಪಾದಕರಾಗಿದ್ದ ಹಿರಿಯ ಸಹೋದ್ಯೋಗಿ ಜೈನ ಮನೆತನದವರು, ಇರುವೆಗೂ ದಾರಿ ಬಿಟ್ಟು ನಡೆಯುವ ಮೃದು ಮನುಷ್ಯ. “ಮೇಡಂ, ನಂಬಿಕಿಯಿಂದ ಕಾಡು ಉಳದಾವ ಅನ್ನೂದು ಜಗತ್ತಿಗೇ ಗೊತ್ತೈತ್ರಿ. ನೀವು ಅದನ್ನ ಛಂದಾಗಿ ಬರದು ಕೊಟ್ಟಬಿಡ್ರಿ,” ಎಂದರು. ಗೊತ್ತಿರುವುದನ್ನೇ ಬರೆಯುವುದಾದರೆ ನಾನೇಕೆ ಬೇಕು ಎಂದು ಮನಸ್ಸಿನಲ್ಲಿ ಗೊಣಗಿಕೊಂಡು ಒಪ್ಪಿಕೊಂಡೆ. ಎರಡು ಕಾಡೂ ಒಂದೇ ಹಳ್ಳದ ಎರಡು ದಂಡೆಯ ಮೇಲಿರುವ ಊರು ನನ್ನ ಕೈಯಲ್ಲೇ ಇತ್ತಲ್ಲ. ಒಂದೇ ಮಳೆ, ಒಂದೇ ಮಣ್ಣು. ಹೋಲಿಸಲು ಇದಕ್ಕಿಂತ ಸರಿಯಾದ ಜಾಗ ಸಿಗುವುದಿಲ್ಲ. ಹೋಲಿಕೆಯ ಎರಡೂ ತುದಿಗೆ ನನ್ನವರೇ ಕೂತಿದ್ದಾರೆ ಎನ್ನುವುದು ಆಗ ಅಷ್ಟು ತಲೆಗೆ ಹೋಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಹೋದೆ. ಮೊದಲು ದೇವರಾಯಿಗೆ. ಗಡಿಯ ಕಲ್ಲಿನ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತದೆ. ಮೇಲೆ ನೋಡಿದರೆ ಆಕಾಶ ಕಾಣದು. ನೇರಳೆ, ಮುರುಗಲ, ಹೆಬ್ಬಲಸು. ನಡುವೆ ತಾಯಿಯ ಕಲ್ಲಿನ ಬಲಕ್ಕೆ ಒಂದು ಭಾರಿ ರಾಂಪತ್ರೆ, ಮೂವರು ಕೈ ಹಿಡಿದು ನಿಂತರೂ ತಬ್ಬಲಾಗದು. ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿದರೆ ಯಾರೋ ಮೇಲೆ ಚಾಪೆ ಝಾಡಿಸಿದಂತೆ ಸದ್ದಾಗುತ್ತದೆ. ಇಲ್ಲಿಂದ ಒಂದು ಒಣಕಡ್ಡಿಯನ್ನೂ ಹೊರಗೆ ಒಯ್ಯುವಂತಿಲ್ಲ. ಮರ ಬಿದ್ದರೆ ಬಿದ್ದಲ್ಲೇ ಕೊಳೆಯಬೇಕು. ಆ ನೇಮವನ್ನು ಊರು ಇಂದಿಗೂ ಪಾಲಿಸುತ್ತದೆ. ಅದು ಸಣ್ಣ ಮಾತಲ್ಲ ಎಂದು ನಾನು ಲೇಖನದಲ್ಲೂ ಬರೆದಿದ್ದೇನೆ.

ನಂತರ ನೆಲ ನೋಡಿದೆ. ನೆಲ ಮಾಮಿಯ ಅಡುಗೆಮನೆಯಷ್ಟು ಚೊಕ್ಕವಾಗಿತ್ತು.

ಮಾಮಾ ದಿನಾ ಮುಂಜಾನೆ ಸ್ನಾನ ಮಾಡಿ ಒಂದು ಉದ್ದ ಕಸಬರಿಗೆ ಹಿಡಿದು ಬರುತ್ತಿದ್ದರು. ಎಂಬತ್ತು ದಾಟಿದ ಮೈ, ಸೊಂಟ ಬಗ್ಗಿದ್ದು ಗುಡಿಸಲು ಅನುಕೂಲವೇ ಆಗಿತ್ತು. ತಾಯಿಯ ಕಲ್ಲಿನ ಸುತ್ತಿನಿಂದ ಶುರು ಮಾಡಿ ಕಾಡಿನ ಅಂಚಿನ ತನಕ ಗುಡಿಸುವರು. ಇಂದು ಈ ಕಡೆ, ನಾಳೆ ಆ ಕಡೆ. ಮುಗಿದ ಮೇಲೆ ತಾಯಿಯ ಎದುರಿನ ಚಪ್ಪಟೆ ಕಲ್ಲಿನ ಮೇಲೆ ಕೂತು ಅವಳ ಜೊತೆ ಮನೆಯ ಸುದ್ದಿ ಮಾತಾಡುವರು. ಎಮ್ಮೆ ಈದದ್ದು, ಮಾಮಿ ಬೈದದ್ದು, ಎಲ್ಲ. ಅಜ್ಜನ ಕಾಲಕ್ಕೆ ಹೀಗಿರಲಿಲ್ಲ. ಆಗ ವರ್ಷಕ್ಕೊಮ್ಮೆ ಪೂಜೆಯ ದಿನ ಬಿಟ್ಟರೆ ಒಳಗೆ ಯಾರೂ ಹೋಗುತ್ತಿರಲಿಲ್ಲ, ಹೆದರುತ್ತಿದ್ದರು. ಊರಿಗೆ ಡಾಂಬರು ರಸ್ತೆಯಾಗಿ, ರವಿವಾರ ಬೆಳಗಾವಿಯಿಂದ ಕಾರುಗಳು ಬರತೊಡಗಿದ ಮೇಲೆ, ಬಂದವರು ನೋಡಿದರೆ ತಾಯಿಗೆ ಅವಮಾನ ಎಂದು ಮಾಮಾ ಗುಡಿಸಲು ಶುರು ಮಾಡಿದ್ದು.

ನಾನು ಹಗ್ಗ ಕಟ್ಟಿ ಚೌಕ ಮಾಡಿ, ಪ್ರತಿ ಚೌಕದೊಳಗೆ ಮೊಣಕಾಲೆತ್ತರದ ಸಸಿ ಎಷ್ಟು, ಎದೆಯೆತ್ತರದ್ದು ಎಷ್ಟು, ಮರವಾದದ್ದು ಎಷ್ಟು ಎಂದು ಎಣಿಸುತ್ತ ಹೋದೆ. ಮುದುಕ ಮರಗಳು ಸಾಲು ಸಾಲು. ಅವುಗಳ ಕೆಳಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ.

“ಎಲಿ ಎಲ್ಲಾ ಎಲ್ಲಿ ಚಲ್ತೀರಿ ಮಾಮಾ?” ಎಂದು ಕೇಳಿದೆ.

ಮಾಮಾನಿಗೆ ಅವಮಾನವಾದಂತಾಯಿತು. ನನ್ನನ್ನು ಅವರು ಈಗಲೂ ಬಾಳಾ, ಅಂದರೆ ಮಗೂ, ಎಂದೇ ಕರೆಯುವುದು. “ಹೊರಗ ಒಂದ ಎಲಿನೂ ಹೋಗಿಲ್ಲ ಬಾಳಾ. ಬಾ ಇಲ್ಲಿ, ನೋಡು,” ಎಂದು ಗಡಿಯ ಮೂಲೆಗೆ ಕರೆದೊಯ್ದರು. ಅಲ್ಲಿ ದೇವರಾಯಿಯ ಒಳಗೇ ಒಂದು ಆಳದ ತೆಗ್ಗು ತೋಡಿದ್ದರು. ಗುಡಿಸಿದ ಎಲೆಯೆಲ್ಲ ಅದರೊಳಗೆ. ನಿಯಮದ ಒಂದಕ್ಷರವೂ ತಪ್ಪಿರಲಿಲ್ಲ.

ನಾನು ಕೂತು ಮೇಲಿನ ಎಲೆ ಸರಿಸಿದೆ. ಕೆಳಗೆ ನೇರಳೆಯ ಬೀಜ, ಮುರುಗಲ ಬೀಜ, ರಾಂಪತ್ರೆಯ ದಪ್ಪ ಬೀಜ. ಕೆಲವು ಮೊಳೆತು, ಬಿಳಿ ಕುಡಿ ಚಾಚಿ, ಮೇಲೆ ಬಿದ್ದ ಎಲೆಯ ಭಾರಕ್ಕೆ ಬೆಳಕು ಸಿಗದೆ ಸೊಟ್ಟಗಾಗಿ ಸತ್ತಿದ್ದವು. ಈ ಮರಗಳ ಬೀಜ ರಾಗಿ ಜೋಳದಂತೆ ಒಣಗಿಸಿ ಇಡುವಂಥದ್ದಲ್ಲ. ಹಸಿ ಇರುವಾಗಲೇ, ತೆಳ್ಳಗಿನ ತರಗೆಲೆಯ ಹೊದಿಕೆಯೊಳಗೆ, ನೆಲಕ್ಕೆ ಬೇರು ಊರಬೇಕು. ಬರಿ ನೆಲದಲ್ಲಿ ಬಿದ್ದರೆ ಒಣಗಿ ಸಾಯುತ್ತದೆ, ತೆಗ್ಗಿನಲ್ಲಿ ಬಿದ್ದರೆ ಹೂತು ಸಾಯುತ್ತದೆ. ಯಾವ ಕಳ್ಳನ ಕೊಡಲಿಯೂ ತಾಗದ ಕಾಡಿನ ಮುಂದಿನ ಪೀಳಿಗೆಯನ್ನು ಒಬ್ಬ ಭಕ್ತ ಪ್ರೀತಿಯಿಂದ ಗುಡಿಸಿ ಹಾಕಿದ್ದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸರಿಸಿದ ಎಲೆಯನ್ನು ಮತ್ತೆ ಮೊದಲಿನಂತೆ ಮುಚ್ಚಿ ಎದ್ದೆ.

ಮರುದಿನ ಮಾಮಿಯ ಜೊತೆ ಹಳ್ಳ ದಾಟಿದೆ. ಮಾಮಿ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದರು, ದಾರಿಯುದ್ದಕ್ಕೂ ಇಲಾಖೆಗೊಂದು ಬೈಗುಳ, ದನ ಬಿಟ್ಟವರಿಗೊಂದು ಬೈಗುಳ. ಅಕೇಶಿಯಾ ಎಂದರೆ ನನಗೆ ಮೊದಲಿನಿಂದಲೂ ಅಸಡ್ಡೆ. ಹೊರದೇಶದ ಮರ, ಸಾಲಿಗೆ ನಿಲ್ಲಿಸಿದ ಕಂಬಗಳ ಹಾಗೆ. ಆದರೆ ಸಮಿತಿಯ ಹೆಂಗಸರು ಬೇಸಿಗೆಯಲ್ಲಿ ಬೆಂಕಿ ಹಬ್ಬದಂತೆ ಬೆಂಕಿರೇಖೆ ಸವರಿ, ಸರದಿ ಹಾಕಿ ದನ ತಡೆದು, ಸೌದೆಗೆ ಇಂತಿಷ್ಟೇ ಜಾಗ, ಗದ್ದೆಗೆ ತರಗು ಇಂತಿಷ್ಟೇ ಜಾಗ ಎಂದು ಗೊತ್ತು ಮಾಡಿಕೊಂಡಿದ್ದರು. ಉಳಿದ ಕಡೆ ತರಗಿಗೆ ಕೈ ಹಚ್ಚುವಂತಿಲ್ಲ. ಆ ನೆರಳಿನಲ್ಲಿ ಹಗ್ಗ ಕಟ್ಟಿ ಕೂತವಳು ಏಳಲಿಲ್ಲ. ನೇರಳೆಯ ಸಸಿ, ಹೆಬ್ಬಲಸಿನ ಸಸಿ, ಹಳ್ಳದ ಬದಿಗೆ ರಾಂಪತ್ರೆಯ ಸಸಿಗಳು. ದೇವರಾಯಿಯಲ್ಲಿ ಹಣ್ಣು ತಿಂದ ಮಂಗಟ್ಟೆಗಳು ಇಲ್ಲಿಗೆ ಬಂದು ಬೀಜ ಉಗುಳಿದ್ದವು. ದೇವರ ಮರಗಳ ಮಕ್ಕಳು ಅಕೇಶಿಯಾದ ತೋಟದಲ್ಲಿ ಬೆಳೆಯುತ್ತಿದ್ದರು.

ಮಾಮಿಗೆ ಹೇಳಿದೆ. ಅವರು ಗೆದ್ದೆನೆಂದು ನಗುತ್ತಾರೆಂದುಕೊಂಡರೆ ಮುಖ ಸಣ್ಣದಾಯಿತು. “ಅವರಿಗೆ ಹ್ಯಾಂಗ ಹೇಳತಿ? ಕಸಬರಿಗಿ ಹಿಡೀದಿದ್ರ ಆ ಮನಶ್ಯಾ ದಿನಾ ಏಳೂದ್ಯಾಕ?” ಎಂದರು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಜಗಳವಾಡಿದ ಹೆಂಗಸು, ಸೋಲಿಸಲು ಅಸ್ತ್ರ ಕೈಗೆ ಸಿಕ್ಕಾಗ ಹಿಂದೆ ಸರಿದದ್ದನ್ನು ನಾನು ಅಲ್ಲಿಯೇ ನೋಡಿದೆ.

ರಾಮತೀರ್ಥ ನಗರದ ಮನೆಯಲ್ಲಿ ಕೂತು ಬರೆಯತೊಡಗಿದೆ. ಮಾಮಿಯ ಕಾಡು ಗೆದ್ದಿತು ಎಂದು ಒಂದೇ ಗೆರೆ ಎಳೆದು ಮುಗಿಸಬಹುದಿತ್ತು. ಆದರೆ ಆ ಸಸಿಗಳ ಬೀಜ ಎಲ್ಲಿಂದ ಬಂತು? ದೇವರಾಯಿಯ ಮುದುಕ ಮರಗಳಿಲ್ಲದಿದ್ದರೆ ಸಮಿತಿಯ ಕಾಡಿನಲ್ಲಿ ಅಕೇಶಿಯಾದ ಕೆಳಗೆ ಬರಿ ಪೊದೆ. ಇನ್ನೊಂದು ಕಡೆ, ದೇವರಾಯಿಯ ಕಡ್ಡಿ ಮುಟ್ಟದೆ ಊರು ಒಲೆ ಹಚ್ಚಿದ್ದು ಹಳ್ಳದಾಚೆಯ ಸೌದೆಯಿಂದ. ಒಂದು ಕಾಡಿನ ನೇಮದ ಭಾರವನ್ನು ಇನ್ನೊಂದು ಕಾಡು ಹೊತ್ತಿದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಒಳಗೆ ಎಷ್ಟು ಮರ, ಹೊರಗೆ ಎಷ್ಟು ಮರ ಎಂದು ತೂಗಿದರೆ ತಕ್ಕಡಿಯೇ ಸುಳ್ಳು. ಮತ್ತೆ, ದೇವರಕಾಡುಗಳು ಉಳಿದಿವೆ ಎನ್ನುವಾಗ ನಾವು ಎಣಿಸುವುದು ಉಳಿದವನ್ನು ಮಾತ್ರ. ಗದ್ದೆಯಾಗಿ, ಸಭಾಮಂಟಪವಾಗಿ ಹೋದ ದೇವರಾಯಿಗಳು ಎಣಿಕೆಗೆ ಬರುವುದೇ ಇಲ್ಲ. ಇನ್ನು ಸಮಿತಿಯ ಕಾಡು ಇಲಾಖೆಯ ನೆಲ. ನಾಳೆ ಅಕೇಶಿಯಾ ಕಟಾವಿಗೆ ಬಂದಾಗ ಒಟ್ಟಿಗೆ ಉರುಳಿಸಿದರೆ ಕೆಳಗಿನ ಸಸಿಗಳೂ ಹೋದವು. ಹಳ್ಳದ ಬದಿಯ ಪಟ್ಟಿಯನ್ನಾದರೂ ಮುಟ್ಟಬೇಡಿ ಎಂದು ಮಾಮಿ ಇಲಾಖೆಯವರ ಹಿಂದೆ ಬಿದ್ದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

ಇದನ್ನೆಲ್ಲ ಬರೆದೆ. ಕಸಬರಿಗೆಯ ಭಾಗಕ್ಕೆ ಬಂದು ನಿಂತೆ. ಭಯ ಕಾಡು ಕಾಯುತ್ತಿತ್ತು, ಭಯ ಕರಗಿ ಸಲುಗೆ ಬಂದ ಮೇಲೆ ಕಾಡು ಅಂಗಳವಾಯಿತು ಎಂದು ಬರೆದರೆ ಸತ್ಯ. ಆದರೆ ಆ ಸಲುಗೆ ಮಾಮಾನ ಮುಂಜಾವು. ಹೆಸರು ಬರೆಯದಿದ್ದರೂ ಊರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅಚ್ಚಾಗಿ ಬಂದ ಮೇಲೆ ಬೇರೆಯವರ ಬಾಯಿಂದ ಮಾಮಾ ಕೇಳುವುದು ನನ್ನಿಂದ ಸಹಿಸಲಾಗದ ಮಾತು. ಅಚ್ಚಿಗೆ ಕೊಡುವ ಮುಂಚೆ ಹಾಳೆ ತೆಗೆದುಕೊಂಡು ಹೋಗಿ, ಅವರ ಪಡಸಾಲೆಯಲ್ಲಿ ಕೂತು, ಮೊದಲಿನಿಂದ ಕೊನೆಯ ತನಕ ಓದಿ ಹೇಳಿದೆ. ಮಾಮಿ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

ಮಾಮಾ ಚಂಚಿಯಿಂದ ಎಲೆ ಅಡಿಕೆ ತೆಗೆದರು. ಆಮೇಲೆ, “ಅಂದ್ರ ನಾ ಕೊಂದೆ ಅಂತೀ,” ಎಂದರು.

“ಹಂಗಲ್ರಿ ಮಾಮಾ. ಎಲಿ ಹಾಂಗ ಬಿಟ್ಟಿದ್ರ...”

“ಬಿಡು, ಬಿಡು. ನೀ ಎಣಿಸಿ ಬಂದಿ, ಸುಳ್ಳ್ಯಾಕ ಬರೀತಿ.” ಕೈಯಲ್ಲಿನ ಎಲೆ ಅಡಿಕೆಯನ್ನು ಮತ್ತೆ ಚಂಚಿಯೊಳಗೆ ಇಟ್ಟರು. “ಆದ್ರ ಅದು ಸೇವಾ. ನೀ ಹೇಳಿದಿ ಅಂತ ಬಿಡಾಕ ಬರೂದಿಲ್ಲ, ನಾ ಮನಸ ಮಾಡಿದೆ ಅಂತನೂ ಬಿಡಾಕ ಬರೂದಿಲ್ಲ. ಆಕಿನ್ನ ಕೇಳಬೇಕು.”

ತಾಯಿಯನ್ನು ಕೇಳುವುದೆಂದರೆ ಕೌಲು ಹಚ್ಚುವುದು. ಪೂಜೆ ಮಾಡುವ ಗುರವ ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ದೇವರ ಕಲ್ಲಿನ ಎರಡೂ ಮಗ್ಗುಲಿಗೆ ಅಂಟಿಸುತ್ತಾರೆ. ಕೇಳುವವರು ಪ್ರಶ್ನೆ ಬಾಯಿ ಬಿಟ್ಟು ಹೇಳಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ತಾಯಿ ಹೂಂ ಎಂದಂತೆ, ಎಡಗಡೆಯದು ಬಿದ್ದರೆ ಇಲ್ಲ. ಬೀಳದೆ ಕೂತರೆ ಜನವೂ ಕೂತೇ ಇರಬೇಕು. ಹೊಲ ಹಂಚುವುದರಿಂದ ಹಿಡಿದು ಮದುವೆಯ ತನಕ ಆ ಊರಿನಲ್ಲಿ ಇದು ನಡೆಯುತ್ತದೆ. ಎಸಳಿನ ತೂಕ, ನೀರಿನ ಅಂಟು, ಗಾಳಿ ಎಂದು ನನ್ನ ತಲೆ ಹೇಳುತ್ತಿತ್ತು. ಆದರೂ ಆ ದಿನ ಬೆಳಗಾವಿಯಿಂದ ಮೊದಲ ಬಸ್ಸಿಗೆ ಹೋಗಿ ಎಲ್ಲರಿಗಿಂತ ಮುಂದೆ ಕೂತವಳು ನಾನೇ. ಎಡಕ್ಕೆ ಬಿದ್ದರೆ ಏನು ಗತಿ? ಆಮೇಲೆ ಮಾಮಾನ ಕೈಯಿಂದ ಕಸಬರಿಗೆ ಬಿಡಿಸಲು ನನ್ನ ಯಾವ ಲೇಖನಕ್ಕೂ ಆಗುವುದಿಲ್ಲ.

ಊರವರು ಕೂತರು. ಮಾಮಾ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು, “ತಾಯೀ, ನಿನ್ನ ಮನಿ ಕಸಾ ಹೊಡೀತೇನಿ ಇಷ್ಟ ವರ್ಷಾತು. ಎಲಿ ಬಿದ್ದಲ್ಲೇ ಬೀಳಲಿ, ನೀ ಕೆಲಸಾ ಬಿಡು ಅಂತಿದ್ರ ಹೇಳು,” ಎಂದರು.

ಅವರ ಮಾತು ಮುಗಿಯುವುದಕ್ಕೂ ಬಲಗಡೆಯ ಎಸಳು ಬೀಳುವುದಕ್ಕೂ ಸರಿಹೋಯಿತು. ಇಷ್ಟು ಬೇಗ ಕೌಲು ಬಿದ್ದದ್ದನ್ನು ತಾನು ಕಂಡಿಲ್ಲವೆಂದು ಗುರವ ಹೇಳಿದರು. ಹೆಂಗಸರು ಕೈ ಮುಗಿದರು. ನಾನು ಖುಷಿಯಿಂದ ಮಾಮಾನ ಕಡೆ ತಿರುಗಿದೆ.

ಮಾಮಾನ ಮುಖ ಬಾಡಿ ಹೋಗಿತ್ತು. ಕಲ್ಲನ್ನೇ ನೋಡುತ್ತ ಅವರು ಹೇಳಿದ್ದು ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು. “ಇಷ್ಟ ಲಗೂನ? ಒಂದೀಟು ವಿಚಾರ ಮಾಡಬಾರದಾ ನೀ?”

ಆಗ ತಿಳಿಯಿತು, ಅವರು ಎಡಗಡೆಯ ಎಸಳಿಗಾಗಿ ಕಾಯುತ್ತಿದ್ದರು. ಬೇಡ, ನೀನು ಬಾ ಎಂದು ತಾಯಿ ಅನ್ನುತ್ತಾಳೆಂದು ನಂಬಿದ್ದರು. ಬರುವಾಗ ಮಾಮಿ ಅವರ ಕೈ ಹಿಡಿದುಕೊಂಡು ನಡೆದರು. ಊರಿನ ಎದುರು ಅವರು ಹಾಗೆ ಕೈ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಲೇಖನದ ಮೇಲೆ ನನಗೇ ಸಿಟ್ಟು ಬಂತು. ಆದರೂ ಒಂದು ಸಾಲೂ ತೆಗೆಯದೆ ಅಚ್ಚಿಗೆ ಕೊಟ್ಟೆ. ಸಂಪಾದಕರು ಓದಿ, “ಛಂದ ಬರದ್ರಿ, ಆದ್ರ ಓದಿ ಮನಸಿಗೆ ಒಂಥರಾ ಆತ್ರಿ,” ಎಂದರು.

ಗುಡಿಸುವುದು ಬಿಟ್ಟರೆ ಸಾಕಿತ್ತು. ಮಾಮಾ ದೇವರಾಯಿಯ ಒಳಗೆ ಹೋಗುವುದನ್ನೇ ಬಿಟ್ಟರು. ಒಳಗೆ ಹೋದರೆ ಕಾಲಿನಲ್ಲಾದರೂ ಎಲೆ ಸರಿಸುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿದೆ ಎಂದರಂತೆ. ತಾನು ಹೋಗದ ಮೇಲೆ ರವಿವಾರದ ಕಾರಿನವರಿಗೇನು ಕೆಲಸ ಎಂದು ಅವರನ್ನೂ ಗಡಿಯ ಕಲ್ಲಿನಲ್ಲೇ ತಡೆಯತೊಡಗಿದರು. ಅಜ್ಜನ ಕಾಲದ ಹಾಗೆ ವರ್ಷಕ್ಕೊಮ್ಮೆ ಪೂಜೆಗೆ ಮಾತ್ರ ಎಂದು ಊರೂ ಒಪ್ಪಿತು. ದಿನಾ ಮುಂಜಾನೆ ಸ್ನಾನ ಮಾಡಿ, ಖಾಲಿ ಕೈಯಲ್ಲಿ ಗಡಿಯ ತನಕ ಬಂದು, ಅಲ್ಲಿಂದಲೇ ತಾಯಿಗೆ ಮನೆಯ ಸುದ್ದಿಯನ್ನು ಜೋರಾಗಿ ಕೂಗಿ ಹೇಳುತ್ತಾರೆ. “ನಾ ಬೈದದ್ದು ಈಗ ಇಡೀ ಊರಿಗೆ ಕೇಳಸ್ತದ,” ಎಂದು ಮಾಮಿಯ ದೂರು.

ಮೊನ್ನೆ ಮಳೆ ನಿಂತ ಮೇಲೆ ಮತ್ತೆ ಎಣಿಸಲು ಹೋದೆ. ಊರವರ ಒಪ್ಪಿಗೆ ಪಡೆದು ನಾನೊಬ್ಬಳೇ ಒಳಗೆ ಹೋದೆ, ಮಾಮಾ ಗಡಿಯಲ್ಲಿ ನಿಂತರು. ಎಲೆಯ ಮೇಲೆ ಕಾಲಿಟ್ಟರೆ ಹಿಂಡಿದ ಬಟ್ಟೆಯ ಮೇಲೆ ಇಟ್ಟಂತಿತ್ತು. ಬಗ್ಗಿ ನೋಡಿದೆ. ಬಂದಿದ್ದವು. ನೇರಳೆ, ಮುರುಗಲ, ಎರಡೆರಡು ಎಲೆಯವು. ಕುಣಿಯಬೇಕೆನಿಸಿತು. ಆದರೆ ಮೊದಲ ಮಳೆಯ ಸಸಿ ಎಂದರೆ ಏನೂ ಅಲ್ಲ, ಮುಂದಿನ ಬೇಸಿಗೆಗೆ ಬಹಳಷ್ಟು ಸಾಯುತ್ತವೆ. ದೇವರಕಾಡು ಚೇತರಿಸಿಕೊಂಡಿತು ಎಂದು ಈಗಲೇ ಬರೆದರೆ ಅದು ವಿಮರ್ಶೆಯಲ್ಲ, ಹಾರೈಕೆ.

“ಬಂದಾವೇನು?” ಹೊರಗಿನಿಂದ ಮಾಮಾ ಕೂಗಿದರು.

“ಬಂದಾವ್ರಿ! ಆದ್ರ ಎಲ್ಲಾ ಉಳಿಯೂದಿಲ್ರಿ.”

“ಅದು ನನಗೂ ತಿಳೀತದ. ರಾಂಪತ್ರಿ ಬಂದೈತೇನು?”

ಹುಡುಕಿದೆ. ಒಂದೇ ಒಂದು ಸಿಕ್ಕಿತು. ಮಾಮಾ ಕೂರುತ್ತಿದ್ದ ಚಪ್ಪಟೆ ಕಲ್ಲಿನ ಬದಿಗೆ, ಗೇಣುದ್ದ, ಹೊಳೆಯುವ ಹಸಿರು. ಕೂಗಿ ಹೇಳಿದೆ. ಗಡಿಯ ತನಕ ಬಂದು, “ಒಳಗ ಬರ್ರಿ ಮಾಮಾ. ಒಂದ ಸಲ ನೋಡ್ರಿ. ನಾ ಕೈ ಹಿಡೀತೇನಿ,” ಎಂದೆ.

ಚಪ್ಪಲಿ ಬಿಟ್ಟರು. ಬಲಗಾಲು ಎತ್ತಿದರು. ಗಡಿಯ ಕಲ್ಲಿನ ಮೇಲೆ ಅದು ಒಂದು ಕ್ಷಣ ನಿಂತಿತು, ಆಮೇಲೆ ಹಿಂದಕ್ಕೆ ಹೋಯಿತು.

“ಬ್ಯಾಡ ಬಾಳಾ. ಬೆಳೀಲಿ,” ಎಂದರು. “ನನ್ನಷ್ಟು ಎತ್ತರಾತಂದ್ರ ಇಲ್ಲಿ ನಿಂತ ನೋಡ್ತೀನಿ.”

ರಾಂಪತ್ರೆ ಎಷ್ಟು ನಿಧಾನಕ್ಕೆ ಬೆಳೆಯುವ ಮರವೆಂದು ನನಗೆ ಗೊತ್ತು. ಅವರಿಗೂ ಗೊತ್ತು.